ತಡವಾದ ಮಾರೋಲೆ

ಬಂದ ಕಾಗದಕ್ಕೆ ಅಂದೇ ಉತ್ತರ ಬರೆಯುವವರು ವಿರಳ. ವಾರ ಕಳೆಯುತ್ತದೆ, ತಿಂಗಳು ಕಳೆಯುತ್ತದೆ. ದಿನಗಳು ಉರುಳಿದಂತೆ ಸಂಕೋಚ ಬೆಳೆಯುತ್ತದೆ. ಆ ಸಂಕೋಚದಿಂದಲೇ ಉತ್ತರ ಇನ್ನಷ್ಟು ತಡವಾಗುತ್ತದೆ. ಕೊನೆಗೊಮ್ಮೆ ಬರೆಯಲು ಕುಳಿತವನು ಅರ್ಧ ಹಾಳೆಯನ್ನು ಕ್ಷಮಾಯಾಚನೆಗೇ ಮೀಸಲಿಡುತ್ತಾನೆ. ಇದು ವಿನಯವೆಂದು ಅನೇಕರು ತಿಳಿದಿದ್ದಾರೆ. ನನಗೆ ಹಾಗೆ ತೋರುವುದಿಲ್ಲ. ತಡವಾದುದಕ್ಕೆ ಒಂದು ವಾಕ್ಯ ಸಾಕು. ಎರಡನೆಯ ವಾಕ್ಯದಲ್ಲಿ ಉತ್ತರವೇ ಇರಬೇಕು.

ಒಂದು ನಿದರ್ಶನವನ್ನು ಕಲ್ಪಿಸಿಕೊಳ್ಳೋಣ. ಮಲೆನಾಡಿನ ತರುಣನೊಬ್ಬನು ಮೊದಲ ಬಾರಿಗೆ ಅಡಕೆ ತೋಟವನ್ನು ನೋಡಿಕೊಳ್ಳುತ್ತಿದ್ದಾನೆ. ಕೊಳೆರೋಗ ಬಾರದಂತೆ ಹೊಡೆಯುವ ಬೋರ್ಡೋ ದ್ರಾವಣಕ್ಕೆ ಮೈಲುತುತ್ತ ಎಷ್ಟು, ಸುಣ್ಣ ಎಷ್ಟು, ಹೊಡೆಯುವುದು ಯಾವಾಗ ಎಂದು ಮೇ 20ರಂದು ತನ್ನ ಸೋದರಮಾವನಿಗೆ ಬರೆದು ಕೇಳುತ್ತಾನೆ. ಮಾವನು ಉತ್ತರ ಬರೆಯಲು ಕುಳಿತದ್ದು ಜುಲೈ 12ರಂದು. ನಡುವೆ ಐವತ್ತಮೂರು ದಿನಗಳು ಸಂದಿವೆ, ಮಳೆಗಾಲವೂ ಕಾಲಿಟ್ಟಿದೆ.

ಮಾವನು ಹೀಗೆ ಬರೆದನೆನ್ನಿ: “ನಿನ್ನ ಕಾಗದ ಬಂದು ಬಹಳ ದಿನಗಳಾದವು. ಉತ್ತರಿಸಲಾಗಲಿಲ್ಲವೆಂದು ನಾಚಿಕೆಯಾಗಿದೆ. ಮೊದಲು ಮನೆಯಲ್ಲಿ ಮದುವೆ, ಆಮೇಲೆ ನನಗೆ ಜ್ವರ, ಅನಂತರ ಕನ್ನಡಕ ಒಡೆಯಿತು. ನೀನು ಏನೆಂದುಕೊಂಡೆಯೋ!” ಅಳಿಯನು ಇದನ್ನು ಓದಿ ಮಾಡುವುದೇನು? “ಅದಕ್ಕೇನು ಮಾವ, ಬೇಸರವಿಲ್ಲ” ಎಂದು ಅವನೇ ಸಮಾಧಾನ ಹೇಳಬೇಕು. ಸಹಾಯ ಕೇಳಿದವನ ತಲೆಯ ಮೇಲೆ ಹೊಸದೊಂದು ಹೊರೆ ಬಿತ್ತು. ಮೈಲುತುತ್ತದ ಲೆಕ್ಕ ಎರಡನೆಯ ಪುಟದಲ್ಲೆಲ್ಲೋ ಅಡಗಿ ಕುಳಿತಿತು.

ಆದರೆ ಇದಕ್ಕಿಂತ ದೊಡ್ಡ ದೋಷ ಬೇರೊಂದಿದೆ. ಮೇ ತಿಂಗಳಲ್ಲಿ ಕೇಳಿದ ಪ್ರಶ್ನೆಗೆ ಮೇ ತಿಂಗಳ ಉತ್ತರವನ್ನೇ ಜುಲೈಯಲ್ಲಿ ಕೊಡುವುದು! “ಮಳೆ ಹಿಡಿಯುವ ಮೊದಲೇ ಹೊಡೆ” ಎಂಬ ಮಾತು ಸತ್ಯವಾದರೂ ಈಗ ಅದರಿಂದ ಪ್ರಯೋಜನವಿಲ್ಲ. ತಡವಾಗಿ ಬರೆಯುವವನು ಮೊದಲು ಯೋಚಿಸಬೇಕಾದುದು ತನ್ನ ತಪ್ಪನ್ನಲ್ಲ, ಪ್ರಶ್ನೆ ಇನ್ನೂ ಜೀವಂತವಾಗಿದೆಯೇ ಎಂಬುದನ್ನು. ಈ ನಡುವೆ ಅಳಿಯನು ಸುಮ್ಮನಿದ್ದನೋ, ನೆರೆಯವರನ್ನು ಕೇಳಿ ಕೆಲಸ ಮುಗಿಸಿದನೋ ಮಾವನಿಗೆ ತಿಳಿಯದು. ಆದ್ದರಿಂದ ಉತ್ತರವು ಎರಡು ಕವಲಾಗಿ ಒಡೆಯಬೇಕಾಗುತ್ತದೆ. ಅದು ಹೀಗಿರಬಹುದು:

“ಚಿರಂಜೀವಿಗೆ ಆಶೀರ್ವಾದಗಳು. ಉತ್ತರ ತಡವಾಯಿತು, ಬೇಸರಿಸಬೇಡ. ಬೋರ್ಡೋ ದ್ರಾವಣದ ಅಳತೆಯನ್ನೂ ಹೊಡೆಯುವ ಕಾಲವನ್ನೂ ಮೇ 20ರ ಕಾಗದದಲ್ಲಿ ಕೇಳಿದ್ದೆ. ನೂರು ಲೀಟರ್ ನೀರಿಗೆ ಮೈಲುತುತ್ತ ಒಂದು ಕಿಲೋ, ಸುಟ್ಟ ಸುಣ್ಣ ಒಂದು ಕಿಲೋ. ಐವತ್ತು ಲೀಟರ್ ನೀರಿನಲ್ಲಿ ಒಂದನ್ನು, ಉಳಿದ ಐವತ್ತರಲ್ಲಿ ಇನ್ನೊಂದನ್ನು ಬೇರೆಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿ. ಹೊಳೆಯುವ ಚಾಕುವನ್ನು ಸ್ವಲ್ಪ ಹೊತ್ತು ಅದ್ದಿ ನೋಡು. ತಾಮ್ರದ ಬಣ್ಣ ಹತ್ತಿದರೆ ಇನ್ನಷ್ಟು ಸುಣ್ಣದ ನೀರು ಬೇಕು. ಜೂನ್ ಮೊದಲಲ್ಲಿ ಒಮ್ಮೆ ಹೊಡೆಸಿದ್ದರೆ ನಲವತ್ತು ನಲವತ್ತೈದು ದಿನಗಳಾಗುತ್ತ ಬಂದವು. ಎರಡನೆಯ ಸಲಕ್ಕೆ ಕೊನೆಗಾರನನ್ನು ಈಗಲೇ ಗೊತ್ತುಮಾಡು. ಹೊಡೆಸಿಯೇ ಇಲ್ಲವಾದರೆ, ಬಿದ್ದ ಕೊಳೆಕಾಯಿಗಳನ್ನು ಆರಿಸಿ ತೋಟದಿಂದ ಹೊರಗೆ ಹಾಕಿಸು. ಮಳೆ ಬಿಡುವು ಕೊಟ್ಟ ದಿನವೇ ಹೊಡೆಸು.”

ಇಲ್ಲಿ ಮಾವನು ಪ್ರಶ್ನೆಯನ್ನು ಮತ್ತೆ ಎತ್ತಿ ಬರೆದುದನ್ನು ಗಮನಿಸಿ. “ನೀನು ಕೇಳಿದುದಕ್ಕೆ ಉತ್ತರ ಹೌದು” ಎಂದು ಬರೆದರೆ, ಏನು ಕೇಳಿದ್ದೆನೆಂಬುದನ್ನೇ ಕೇಳಿದವನು ಮರೆತಿರಬಹುದು. ಮರುದಿನವೇ ಬರೆಯುವ ಉತ್ತರಕ್ಕೆ ಈ ಎಚ್ಚರ ಬೇಡ. ತಡವಾದ ಉತ್ತರಕ್ಕೆ ಬೇಕು. ಮದುವೆ, ಜ್ವರ, ಕನ್ನಡಕಗಳ ಕಥೆ ಕಾಗದದ ಕೊನೆಯಲ್ಲಿ ಬರಲಿ. ಮನೆಯ ಸುದ್ದಿಯೆಂದು ಅಳಿಯನು ಅದನ್ನು ಸಂತೋಷದಿಂದಲೇ ಓದಿಯಾನು.

ಕಿರಿಯರು ಹಿರಿಯರಿಗೆ ಬರೆಯುವಾಗ ಇಷ್ಟು ಮೊಟಕು ಸಲ್ಲದೆಂದು ನೀವು ಆಕ್ಷೇಪಿಸಬಹುದು. “ತಡವಾದುದಕ್ಕೆ ಕ್ಷಮಿಸಬೇಕು” ಎಂಬ ಮಾತಿನಲ್ಲಿ ಗೌರವ ಪೂರ್ಣವಾಗಿಯೇ ಇದೆ. ಅದನ್ನು ನಾಲ್ಕು ಸಲ ಬರೆದರೆ ಗೌರವ ನಾಲ್ಕು ಪಟ್ಟಾಗದು. ತಡದಿಂದ ನಿಜವಾದ ನಷ್ಟವಾಗಿದ್ದರೆ ಮಾತ್ರ ಸಂಗತಿ ಬೇರೆ. ಅಳಿಯನ ತೋಟದಲ್ಲಿ ಕಾಯಿ ಉದುರಿ ಹೋಗಿದ್ದರೆ, ಆ ನಷ್ಟವನ್ನು ಹೆಸರಿಸಿ ವ್ಯಸನಪಡಬೇಕು. ಉಳಿದ ಗೊನೆಗಳನ್ನು ಕಾಯಲು ತಾನೇನು ಮಾಡಬಲ್ಲೆನೆಂದು ಹೇಳಬೇಕು. ಆಗಲೂ ಕನ್ನಡಕದ ಮಾತು ಬೇಡ.

ಇನ್ನು, “ವಿವರವಾಗಿ ಮುಂದೆ ಬರೆಯುತ್ತೇನೆ” ಎಂಬ ಸಾಲು. ಒಮ್ಮೆ ತಡಮಾಡಿದವನು ಎರಡನೆಯ ಸಾಲವನ್ನೇಕೆ ಮಾಡಬೇಕು? ಉತ್ತರ ತಿಳಿಯದಿದ್ದರೆ ತಿಳಿಯದೆಂದೂ, ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳೆಂದೂ ಬರೆದು ಅಂದೇ ಅಂಚೆಗೆ ಹಾಕಬಹುದು.