‘ನಿಯಮಾನುಸಾರ’ ಅಂತ ಉತ್ತರ ಬರದಂಗ ಕೇಳೋದು ಹೆಂಗ?

ಸರ್ಕಾರಿ ಕಚೇರಿಯಲ್ಲಿ ಕೆಲಸ ಮಾಡುವವರಿಗೆ ಈ ಸಾಲು ಗೊತ್ತೇ ಇರುತ್ತೆ: ‘ನಿಯಮಾನುಸಾರ ಕ್ರಮ ಕೈಗೊಳ್ಳುವುದು.’ ಮೇಲಿನ ಕಚೇರಿಗೆ ಅನುಮಾನ ಬಗೆಹರಿಸಿ ಅಂತ ಪತ್ರ ಬರೆದು, ಹತ್ತು ದಿನ ಕಾದು, ಕೊನೆಗೆ ಈ ಒಂದು ಸಾಲು ಕೈಗೆ ಬಂದಾಗ ಸಿಟ್ಟು ಬರುತ್ತೆ. ನನಗೂ ಬಂದಿತ್ತು. ಆಮೇಲೆ ಗೊತ್ತಾಯ್ತು, ತಪ್ಪಿನಲ್ಲಿ ಅರ್ಧ ನನ್ನ ಪ್ರಶ್ನೆಯದೇ.

ನಾನು ನವಲಗುಂದ ಕಡೆಯ ಗ್ರಾಮ ಆಡಳಿತ ಅಧಿಕಾರಿ. ಆ ಮುಂಗಾರಿನಲ್ಲಿ ಹೆಸರು ಕೊಯ್ಲಿಗೆ ಬಂದ ಹೊತ್ತಿಗೇ ಮಳೆ ಹಿಡಿಯಿತು. ಎರಿಹೊಲದಲ್ಲಿ ನೀರು ನಿಂತು, ಗಿಡದಲ್ಲಿದ್ದ ಕಾಯಿಯೊಳಗೇ ಕಾಳು ಮೊಳಕೆ ಒಡೆದಿದ್ದವು. ಬೆಳೆ ನಷ್ಟದ ಸಮೀಕ್ಷೆಗೆ ಸುತ್ತೋಲೆ ಬಂತು. ಅದರಲ್ಲಿ ಒಂದು ಸಾಲು: ‘ಪ್ರತಿ ಖಾತೆಗೆ ಗರಿಷ್ಠ 2 ಹೆಕ್ಟೇರ್‌ಗೆ ಸೀಮಿತಗೊಳಿಸಿ ಪರಿಹಾರ.’

ಮರುದಿನವೇ ಬೆಣ್ಣಿಹಳ್ಳದ ದಂಡಿಯ ಊರಿನ ಹಿರಿಯರೊಬ್ಬರು ಉತಾರ ಹಿಡಿದು ಬಂದರು. “ಮೇಡಮ್ಮಾರ, ನಾವು ಮೂರು ಮಂದಿ ಅಣ್ತಮ್ಮರ್ರಿ. ಕಾಗದದ ಮ್ಯಾಲೆ ವಾಟ್ನಿ ಆಗಿಲ್ಲ, ಒಂದ ಉತಾರ. ಆರು ಹೆಕ್ಟೇರ್ ಐತಿ. ನಮಗ ಒಬ್ಬರದ ರೊಕ್ಕ ಬರತೈತೋ, ಮೂರು ಮಂದಿದೂ ಬರತೈತೋ?”

ಲೆಕ್ಕ ಹಾಕಿ ನೋಡಿ. ರಾಜ್ಯ ವಿಪತ್ತು ಪರಿಹಾರ ನಿಧಿಯ 2022ರಿಂದ 2026ರವರೆಗಿನ ಮಾರ್ಗಸೂಚಿ ಪ್ರಕಾರ, ಶೇ 33 ಅಥವಾ ಅದಕ್ಕಿಂತ ಹೆಚ್ಚು ನಷ್ಟವಾದರೆ ಮಳೆಯಾಶ್ರಿತ ಬೆಳೆಗೆ ಹೆಕ್ಟೇರ್‌ಗೆ 8,500 ರೂಪಾಯಿ. ಮಿತಿ ಇಡೀ ಖಾತೆಗೆ ಅಂದರೆ ಆ ಮನೆಗೆ 17,000. ಒಬ್ಬೊಬ್ಬರಿಗೂ ಅಂದರೆ 51,000. ಕಡಿಮೆ ಬರೆದರೆ ರೈತರಿಗೆ ಮೋಸ. ಹೆಚ್ಚು ಬರೆದರೆ ನಾಳೆ ಆಡಿಟ್‌ನವರು ಆಕ್ಷೇಪಣೆ ಎತ್ತುತ್ತಾರೆ, ವಸೂಲಿಗೆ ಅದೇ ಮನೆಯ ಬಾಗಿಲಿಗೆ ಹೋಗಬೇಕಾಗುತ್ತೆ.

ಮೊದಲು ಫೋನ್ ಮಾಡಿದೆ. “ಕೊಟ್ಬಿಡ್ರಿ, ಏನಾಗಲ್ಲ” ಅಂದರು. ಈ ‘ಏನಾಗಲ್ಲ’ ಕಡತದಲ್ಲಿ ಎಲ್ಲೂ ಇರುವುದಿಲ್ಲ. ನಮ್ಮ ರಾಜ್ಯದ ನಡತೆ ನಿಯಮಗಳೇ ಮೇಲಧಿಕಾರಿಯ ನಿರ್ದೇಶನವನ್ನು ಆದಷ್ಟೂ ಬರಹದಲ್ಲಿ ಪಡೆಯಿರಿ, ಆಗದಿದ್ದರೆ ಆಮೇಲಾದರೂ ಬರಹದಲ್ಲಿ ದೃಢೀಕರಣ ತಗೊಳ್ಳಿ ಅನ್ನುತ್ತವೆ. 2013ರ ಅಕ್ಟೋಬರ್ 31ರಂದು ಟಿ.ಎಸ್.ಆರ್. ಸುಬ್ರಮಣಿಯನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೂಡ, ಅಧಿಕಾರಿಗಳು ಬಾಯಿಮಾತಿನ ಸೂಚನೆ ಮೇಲೆ ಕೆಲಸ ಮಾಡಬಾರದು, ಅದು ದಾಖಲಾಗಬೇಕು ಅಂತ ಹೇಳಿದೆ.

ಸರಿ, ಪತ್ರ ಬರೆದೆ. ‘ಜಂಟಿ ಖಾತೆಗಳ ಬಗ್ಗೆ ಗೊಂದಲವಿದ್ದು, ಸೂಕ್ತ ಮಾರ್ಗದರ್ಶನ ನೀಡಲು ಕೋರಿದೆ.’ ಉತ್ತರ ಏನು ಬಂತು ಅಂತ ಮೊದಲೇ ಹೇಳಿದ್ದೀನಿ. ಮೇಲೆ ಕೂತವರ ಕಡೆಯಿಂದ ನೋಡಿದರೆ ಅದು ಸಹಜ. ಏನು ಗೊಂದಲ, ಎಷ್ಟು ಜನರದು, ಎಷ್ಟು ದುಡ್ಡಿನದು ಅಂತ ನಾನು ಹೇಳಿಯೇ ಇರಲಿಲ್ಲ.

ನಮ್ಮ ಶಿರಸ್ತೇದಾರರು ಪತ್ರ ನೋಡಿ ನಕ್ಕರು. “ತಂಗಿ, ಮೊದಲ ಸುತ್ತೋಲೆ ಪೂರ್ತಿ ಓದೀಯೇನ?” ನಾನು ಓದಿದ್ದು ವಾಟ್ಸಾಪ್‌ನಲ್ಲಿ ಬಂದ ಫೋಟೋ, ಅದೂ ಎರಡೇ ಪುಟ. ಅವರು ಪೂರ್ತಿ ಪ್ರತಿ ತೆಗೆಸಿದರು. ತಲೆಯಲ್ಲಿದ್ದ ‘ಉಲ್ಲೇಖ’ದ ಮೇಲೆ ಬೆರಳಿಟ್ಟರು. ಸುತ್ತೋಲೆ ಯಾವ ಆದೇಶದ ಮೇಲೆ ನಿಂತಿದೆ ಅನ್ನೋದು ಅಲ್ಲಿರುತ್ತೆ. ಎಷ್ಟೋ ಅನುಮಾನ ಅಲ್ಲೇ, ಇಲ್ಲವೇ ಕೊನೆಯ ಅನುಬಂಧದಲ್ಲೇ ಮುಗಿದುಹೋಗುತ್ತವೆ. ನಮ್ಮದು ಮುಗಿಯಲಿಲ್ಲ, ಆದರೆ ಸಿಕ್ಕು ಎಲ್ಲಿದೆ ಅಂತ ಕಂಡಿತು: ಮೂಲ ಮಾರ್ಗಸೂಚಿಯಲ್ಲಿ ‘ಪ್ರತಿ ರೈತನಿಗೆ’ ಅಂತಿತ್ತು, ಸುತ್ತೋಲೆಯಲ್ಲಿ ಅದು ‘ಪ್ರತಿ ಖಾತೆಗೆ’ ಆಗಿತ್ತು.

ಎರಡನೇ ಪತ್ರವನ್ನು ಸುತ್ತೋಲೆಗೆ ಸಹಿ ಹಾಕಿದ ಕಚೇರಿಗೇ, ತಹಶೀಲ್ದಾರರ ಮೂಲಕ ಕಳಿಸಿದೆವು. ಒಡಲು ಇಷ್ಟೇ:

‘ಉಲ್ಲೇಖಿತ ಸುತ್ತೋಲೆಯ ಕಂಡಿಕೆ 4ರಲ್ಲಿ “ಪ್ರತಿ ಖಾತೆಗೆ” ಎಂದಿದ್ದು, ಅದು ಆಧರಿಸಿರುವ ಮಾರ್ಗಸೂಚಿಯಲ್ಲಿ “ಪ್ರತಿ ರೈತನಿಗೆ” ಎಂದಿದೆ. ಒಂದು ಪಹಣಿಯಲ್ಲಿ ಮೂವರು ಜಂಟಿ ಖಾತೆದಾರರಿದ್ದು, ಒಟ್ಟು 6 ಹೆಕ್ಟೇರ್ ಹೆಸರು ಬೆಳೆ ನಷ್ಟವಾಗಿದೆ. (ಅ) ಮಿತಿ ಇಡೀ ಖಾತೆಗಾದರೆ ರೂ. 17,000. (ಆ) ಪ್ರತಿ ಖಾತೆದಾರರಿಗಾದರೆ ರೂ. 51,000. ಇಂತಹ 11 ಖಾತೆಗಳಿವೆ. ಮಾರ್ಗಸೂಚಿಯ ಪದದಂತೆ (ಆ) ಸರಿಯೆಂದು ಭಾವಿಸಲಾಗಿದೆ. ದತ್ತಾಂಶ ನಮೂದಿಸುವ ಕೊನೆಯ ದಿನಾಂಕದೊಳಗೆ (ಅ) ಅಥವಾ (ಆ) ಎಂದು ತಿಳಿಸಲು ಕೋರಿದೆ. ಉಳಿದ ಖಾತೆಗಳ ನಮೂದು ಮುಂದುವರಿದಿದೆ.’

ಆ ಕೊನೆಯ ಸಾಲು ಮುಖ್ಯ. ಒಬ್ಬರದೇ ಹೆಸರಿರುವ ಖಾತೆಗಳಲ್ಲಿ ಅನುಮಾನವೇ ಇರಲಿಲ್ಲ, ಅವನ್ನು ತಡೆಯಲಿಲ್ಲ. ಜಂಟಿ ಖಾತೆಗಳಲ್ಲೂ ಹೊಲಕ್ಕೆ ಹೋಗಿ ಫೋಟೋ, ಪಂಚನಾಮೆ ಮುಗಿಸಿಟ್ಟೆವು. ಮೊಳಕೆ ಒಡೆದ ಹೆಸರು ಉತ್ತರ ಬರುವ ತನಕ ಹೊಲದಲ್ಲಿ ಕಾಯಲ್ಲ, ರೈತರು ಹಿಂಗಾರಿನ ಕಡಲಿಗೆ ಹೊಲ ಹದ ಮಾಡಿಬಿಡುತ್ತಾರೆ. ತಡೆದದ್ದು ಆ 11 ಖಾತೆಗಳ ಹಣದ ಲೆಕ್ಕ ಮಾತ್ರ.

ಸ್ಪಷ್ಟೀಕರಣ ಕೇಳೋದು ಕೆಲಸ ತಪ್ಪಿಸಿಕೊಳ್ಳೋ ದಾರಿಯೂ ಆಗಬಹುದು. ಕೇಂದ್ರ ಸರ್ಕಾರಿ ನೌಕರರ 1964ರ ನಡತೆ ನಿಯಮಗಳು ಅದನ್ನೂ ಹೇಳುತ್ತವೆ: ನಿಮ್ಮದೇ ಅಧಿಕಾರದಲ್ಲಿರುವ ವಿಷಯಕ್ಕೆ ಮೇಲಿನವರನ್ನು ಕೇಳಿ ಹೊಣೆ ಜಾರಿಸಬೇಡಿ. ಶೇ 33 ನಷ್ಟ ಆಗಿದೆಯೋ ಇಲ್ಲವೋ ಅನ್ನೋದನ್ನು ನೋಡಿ ಹೇಳಬೇಕಾದವರು ಹೊಲದಲ್ಲಿ ನಿಂತ ನಾವು. ಅದನ್ನು ಕೇಳಿ ಪತ್ರ ಬರೆದರೆ ‘ನಿಯಮಾನುಸಾರ’ ಅನ್ನೋದೇ ಸರಿಯಾದ ಉತ್ತರ.

ಈ ಸಲ ಐದನೇ ದಿನಕ್ಕೆ ಉತ್ತರ ಬಂತು. ‘(ಆ) ಅನ್ವಯಿಸುತ್ತದೆ. ಆದರೆ ಖಾತೆದಾರರು ಪ್ರತ್ಯೇಕವಾಗಿ ಸಾಗುವಳಿ ಮಾಡುತ್ತಿರುವುದು ಪಂಚನಾಮೆಯಲ್ಲಿ ದಾಖಲಾಗಿರಬೇಕು.’

ಪಂಚನಾಮೆ ತೆಗೆದು ನೋಡಿದೆ. ಮೂವರಲ್ಲಿ ಕೊನೆಯ ತಮ್ಮ ಹುಬ್ಬಳ್ಳಿಯ ಗ್ಯಾರೇಜಿನಲ್ಲಿ ದುಡಿಯುತ್ತಾನೆ, ಅವನ ಪಾಲನ್ನೂ ಹಿರಿಯರೇ ಬಿತ್ತಿದ್ದರು. ಅಂದರೆ ಸಾಗುವಳಿದಾರರು ಇಬ್ಬರು, ಪರಿಹಾರ 34,000. ಫೋನಿನ ಮಾತು ನಂಬಿ, ನನ್ನ ಅಭಿಪ್ರಾಯವೇ ಸರಿ ಅಂತ ನಮೂದಿಸಿದ್ದರೆ ಆ ಮನೆಯೊಂದಕ್ಕೇ 17,000 ಹೆಚ್ಚು ಹೋಗುತ್ತಿತ್ತು. ಹೆದರಿ (ಅ) ಅಂತ ಹಾಕಿದ್ದರೆ ಅಷ್ಟೇ ಕಡಿಮೆ.

ಹಿರಿಯರಿಗೆ ಹೇಳುವಾಗ ಅಳುಕಿತ್ತು. ಪತ್ರದ ಪ್ರತಿ ಮುಂದಿಟ್ಟು ಓದಿ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹೂನ್ರಿ, ಅವನ ಪಾಲೂ ನಾನ ಬಿತ್ತೇನಿ, ಸುಳ್ಳಲ್ಲ” ಅಂದರು. ಆಮೇಲೆ ಕೇಳಿದರು, “ಈ ಕಾಗದದ್ದೊಂದು ಝೆರಾಕ್ಸ್ ಕೊಡ್ತೀರೇನ್ರಿ? ಮನ್ಯಾಗ ತಮ್ಮಗ ತೋರಸಬೇಕು.”

ಆ ಉತ್ತರ ಆ ಸುತ್ತೋಲೆಗೆ ಮಾತ್ರ. ಮುಂದಿನ ವರ್ಷದ ಸುತ್ತೋಲೆಯಲ್ಲಿ ಪದ ಬೇರೆ ಇದ್ದರೆ ಮತ್ತೆ ಕೇಳಬೇಕು. ಹಾಗಾಗಿ ಎರಡೂ ಪತ್ರ, ಉತ್ತರ, ಪಂಚನಾಮೆ ಎಲ್ಲವನ್ನೂ ಒಂದೇ ಕಡತದಲ್ಲಿ ಸುತ್ತೋಲೆಯ ಹಿಂದೆಯೇ ಹೊಲಿದಿಟ್ಟಿದ್ದೀನಿ. ನನಗೆ ನಾಳೆ ವರ್ಗಾವಣೆಯಾದರೂ, 34,000 ಯಾಕೆ ಅಂತ ಕೇಳಿದವರಿಗೆ ಆ ಕಡತ ಉತ್ತರ ಹೇಳುತ್ತೆ.