ಹರ್ಸ್ಟ್ 0.59 ಬಂದ ಮಾತ್ರಕ್ಕೆ ಟ್ರೆಂಡ್ ಇದೆ ಎಂದಲ್ಲ

ಇಲ್ಲಿಂದಲೇ ಎನ್‌ಎಸ್‌ಇ ಷೇರುಗಳಲ್ಲಿ ಹಣ ಹಾಕುವ ಗೆಳೆಯರು ಇತ್ತೀಚೆಗೆ ಹರ್ಸ್ಟ್ ಸಂಖ್ಯೆಯನ್ನು (H) ನೋಡಿ ತಂತ್ರ ಆಯ್ಕೆ ಮಾಡುತ್ತಿದ್ದಾರೆ. H 0.5ಕ್ಕಿಂತ ಹೆಚ್ಚಿದ್ದರೆ ಏರಿದ್ದು ಏರುತ್ತಲೇ ಹೋಗುವ ಸ್ವಭಾವ, ಹಾಗಾಗಿ ಟ್ರೆಂಡ್ ಫಾಲೋಯಿಂಗ್. ಕಡಿಮೆಯಿದ್ದರೆ ಬೆಲೆ ಸರಾಸರಿಗೆ ಮರಳುವ ಸ್ವಭಾವ, ಅಂದರೆ ಮೀನ್ ರಿವರ್ಷನ್. ಒಂದು ತಂತ್ರ ಏರಿದಾಗ ಕೊಳ್ಳುತ್ತದೆ, ಇನ್ನೊಂದು ಇಳಿದಾಗ. H ತಪ್ಪಿದರೆ ನೀವು ಸರಿಯಾಗಿ ಉಲ್ಟಾ ವ್ಯಾಪಾರ ಮಾಡುತ್ತೀರಿ.

ನನ್ನ ತಕರಾರು ಒಂದೇ: ಒಂದು ವರ್ಷದ ಡೇಟಾದಲ್ಲಿ 0.5 ಸರಿಯಾದ ಗೆರೆಯಲ್ಲ.

ಲೆಕ್ಕ ಹೀಗೆ. ಸುಮಾರು 252 ದಿನಗಳ ರಿಟರ್ನ್‌ಗಳನ್ನು 8 ದಿನಗಳ ತುಂಡುಗಳಾಗಿ ಕತ್ತರಿಸಿ. ಪ್ರತಿ ತುಂಡಿನಲ್ಲಿ ಸರಾಸರಿಯನ್ನು ಕಳೆದು, ಉಳಿದದ್ದನ್ನು ಒಂದೊಂದಾಗಿ ಕೂಡುತ್ತಾ ಹೋಗಿ. ಆ ಮೊತ್ತ ಮುಟ್ಟಿದ ಗರಿಷ್ಠ ಮತ್ತು ಕನಿಷ್ಠಗಳ ಅಂತರವನ್ನು ಸ್ಟ್ಯಾಂಡರ್ಡ್ ಡೀವಿಯೇಶನ್‌ನಿಂದ ಭಾಗಿಸಿ. ಇದೇ R/S. 16, 32, 64 ದಿನಗಳಿಗೂ ಹೀಗೇ ಮಾಡಿ, ಲಾಗ್ ಗ್ರಾಫಿನಲ್ಲಿ ಗೆರೆ ಎಳೆದರೆ ಅದರ ಇಳಿಜಾರೇ H.

ಈಗ ಷೇರಿನ ಬದಲು ಯಾವ ನೆನಪೂ ಇಲ್ಲದ ಯಾದೃಚ್ಛಿಕ ಸಂಖ್ಯೆಗಳನ್ನು ಹಾಕಿ. ಆನಿಸ್ ಮತ್ತು ಲಾಯ್ಡ್ 1976ರಲ್ಲಿ ಕೊಟ್ಟ ಸೂತ್ರದ ಪ್ರಕಾರ 8 ದಿನಕ್ಕೆ ಸರಾಸರಿ R/S 2.62, 16 ದಿನಕ್ಕೆ 4.04. H ನಿಜಕ್ಕೂ 0.5 ಆಗಿ ಬರಬೇಕಿದ್ದರೆ ದಿನ ದುಪ್ಪಟ್ಟಾದಾಗ R/S 1.41 ಪಟ್ಟು ಆಗಬೇಕು. ಇಲ್ಲಿ ಆಗಿದ್ದು 1.54 ಪಟ್ಟು, ಅಂದರೆ ಇಳಿಜಾರು 0.62. 8ರಿಂದ 64ರವರೆಗೆ ಗೆರೆ ಎಳೆದರೂ 0.59 ಬರುತ್ತದೆ. ಟ್ರೆಂಡ್ ಎಂಬುದೇ ಇಲ್ಲದ ಕಡೆ ಸೂತ್ರ ಟ್ರೆಂಡ್ ತೋರಿಸುತ್ತಿದೆ!

ಮೇಲಾಗಿ 252 ದಿನಗಳಲ್ಲಿ 64 ದಿನಗಳ ಪೂರ್ತಿ ತುಂಡುಗಳು ಸಿಗುವುದು ಮೂರೇ. ಒಂದು ಬಜೆಟ್ ವಾರ ಸಾಕು, ಗೆರೆಯ ಆ ತುದಿ ಅಲುಗಾಡಲು. ಹರ್ಸ್ಟ್ ಸ್ವತಃ ನೈಲ್ ನದಿಯ ಶತಮಾನಗಳ ದಾಖಲೆ ಇಟ್ಟುಕೊಂಡು ಕೂತಿದ್ದರು ಎಂಬುದನ್ನು ಮರೆಯಬಾರದು.

ಪರೀಕ್ಷೆ ಸುಲಭ. ಅದೇ ಷೇರಿನ ರಿಟರ್ನ್‌ಗಳ ಕ್ರಮವನ್ನು ಇಸ್ಪೀಟ್ ಎಲೆಗಳ ಹಾಗೆ 1000 ಸಲ ಕಲಸಿ, ಪ್ರತಿ ಸಲ H ಲೆಕ್ಕ ಹಾಕಿ. ಕಲಸಿದ ಮೇಲೆ ನೆನಪು ಅಳಿಸಿಹೋಗಿರುತ್ತದೆ. ನಿಜವಾದ H ಆ ಸಾವಿರದಲ್ಲಿ 950ನ್ನಾದರೂ ಮೀರದಿದ್ದರೆ ಟ್ರೆಂಡ್ ಎನ್ನಲು ಆಧಾರವಿಲ್ಲ. ಇದಕ್ಕೂ ಮಿತಿಯಿದೆ. ನಿಫ್ಟಿಯ 50 ಷೇರುಗಳನ್ನೂ ಜಾಲಾಡಿದರೆ ಬರೀ ಅದೃಷ್ಟದಿಂದಲೇ ಎರಡು ಮೂರು ಪಾಸಾಗುತ್ತವೆ.

ಆದ್ದರಿಂದ ಒಂದು ವರ್ಷದ H ನೋಡಿ ನಾನು ತಂತ್ರ ಆರಿಸುವುದಿಲ್ಲ. ಹತ್ತು ವರ್ಷದ ಡೇಟಾ ತೆಗೆದುಕೊಂಡು ಎರಡು ಭಾಗ ಮಾಡುತ್ತೇನೆ. ಎರಡೂ ಭಾಗಗಳು ಕಲಸುವ ಪರೀಕ್ಷೆಯಲ್ಲಿ ಒಂದೇ ಉತ್ತರ ಕೊಟ್ಟರೆ ಮಾತ್ರ ಆ ಷೇರಿನ ಬಗ್ಗೆ ಮುಂದೆ ಯೋಚಿಸುತ್ತೇನೆ.