ಗಿಡ್ಡ ಬ್ಲೇಡ್ ಏಕೆ ಅಲುಗಲಿಲ್ಲ?

ದೊಡ್ಡಬಳ್ಳಾಪುರ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ಬೋಧನಾಭ್ಯಾಸದ ವೇಳೆ ಎಂಟನೇ ತರಗತಿಗೆ ಭೂಕಂಪದ ಪಾಠ ಮಾಡಿದೆ. 2021ರ ಡಿಸೆಂಬರ್‌ನಲ್ಲಿ ಪಕ್ಕದ ಚಿಕ್ಕಬಳ್ಳಾಪುರದಲ್ಲಿ ನೆಲ ಲಘುವಾಗಿ ಕಂಪಿಸಿದ್ದು ಮಕ್ಕಳಿಗೆ ನೆನಪಿತ್ತು. ಹಾಗಾಗಿ ಕಂಪನ ಮೇಜಿನ ಮಾದರಿ ಮಾಡಿಕೊಂಡು ಹೋಗಿದ್ದೆ.

ಎರಡು ಪ್ಲೈವುಡ್ ಹಲಗೆಗಳು, ನಡುವೆ ನಾಲ್ಕು ಗೋಲಿಗಳು, ಮೇಲಿನ ಹಲಗೆ ಅಡ್ಡ ಜಾರದಂತೆ ಎರಡೂ ಬದಿಗೆ ರೀಪು. ನಿಮಿಷಕ್ಕೆ 300 ಸುತ್ತಿನ ಗೇರ್ ಮೋಟಾರಿನ ಚಕ್ರದಲ್ಲಿ ಕೇಂದ್ರದಿಂದ 5 ಮಿ.ಮೀ. ಆಚೆ ಒಂದು ಬೋಲ್ಟ್, ಅಲ್ಲಿಂದ ಹಲಗೆಗೆ ಸೈಕಲ್ ಕಡ್ಡಿ. ಕಟ್ಟಡಗಳ ಬದಲು 28, 20 ಮತ್ತು 14 ಸೆಂ.ಮೀ. ಎತ್ತರಕ್ಕೆ ನಿಲ್ಲಿಸಿದ ಮೂರು ಹ್ಯಾಕ್ಸಾ ಬ್ಲೇಡ್, ತುದಿಗೆ 20 ಗ್ರಾಂ ನಟ್‌ಬೋಲ್ಟ್.

ವೇಗ ಹೆಚ್ಚಿಸುತ್ತ ಹೋದಂತೆ ಮೊದಲು ಉದ್ದನೆಯದು ಜೋರಾಗಿ ಓಲಾಡಿತು, ಆಮೇಲೆ ನಡುವಿನದು. ಗಿಡ್ಡನೆಯದು ಅಲುಗಲೇ ಇಲ್ಲ. "ಮಿಸ್, ನಮ್ಮದು ಒಂದೇ ಅಂತಸ್ತಿನ ಮನೆ. ಬೀಳಲ್ಲ ಅಲ್ವಾ?" ಎಂದಳು ಒಬ್ಬ ಹುಡುಗಿ. ನಾನು ತಲೆಯಾಡಿಸಿಬಿಟ್ಟೆ. ಪಾಠ ಯೋಜನೆಯಲ್ಲಿ ಕಲಿಕಾಫಲ ಈಡೇರಿದೆ ಎಂದೂ ಬರೆದೆ!

ಸಂಜೆ ಲೆಕ್ಕ ಹಾಕಿದಾಗ ತಪ್ಪು ಗೊತ್ತಾಯಿತು. ಬ್ಲೇಡನ್ನು ಬೆರಳಿನಿಂದ ಮೀಟಿ ಬಿಟ್ಟರೆ ಅದು ತನ್ನದೇ ಆವೃತ್ತಿಯಲ್ಲಿ ತೂಗುತ್ತದೆ. ಉದ್ದನೆಯದು 8 ಸೆಕೆಂಡಿನಲ್ಲಿ 20 ಸಲ ತೂಗಿತು, ಅಂದರೆ 2.5 ಹರ್ಟ್ಸ್. ಉಳಿದವು ಕಣ್ಣಿಗೆ ಸಿಗುವುದಿಲ್ಲ. ಮೊಬೈಲಿನ ಸ್ಲೋಮೋಷನ್‌ನಲ್ಲಿ ಎಣಿಸಿದಾಗ ನಡುವಿನದು 4.5ರ ಹತ್ತಿರ, ಗಿಡ್ಡನೆಯದು ಸುಮಾರು 8 ಹರ್ಟ್ಸ್. ನನ್ನ ಮೋಟಾರು ಪೂರ್ಣ ವೇಗದಲ್ಲೂ 5 ಹರ್ಟ್ಸ್ ದಾಟುವುದಿಲ್ಲ. ಗಿಡ್ಡ ಬ್ಲೇಡ್ ಗಟ್ಟಿಯಾಗಿದ್ದರಿಂದ ಉಳಿದದ್ದಲ್ಲ, ಅದರ ಆವೃತ್ತಿಯವರೆಗೆ ನನ್ನ ಮೇಜು ಹೋಗಲೇ ಇಲ್ಲ.

ಮರುವಾರ 600 ಸುತ್ತಿನ ಮೋಟಾರು ಹಾಕಿದೆ. 5 ಮಿ.ಮೀ. ಸರಿತಕ್ಕೆ ಆ ವೇಗದಲ್ಲಿ ಹಲಗೆಯೇ ಗೋಲಿ ಬಿಟ್ಟು ಕುಪ್ಪಳಿಸಿತು. ಬೋಲ್ಟನ್ನು ಕೇಂದ್ರದಿಂದ 2 ಮಿ.ಮೀ.ಗೆ ತಂದ ಮೇಲೆ ಸರಿಹೋಯಿತು. ನಿಮಿಷಕ್ಕೆ 480 ಸುತ್ತಿನ ಆಸುಪಾಸಿನಲ್ಲಿ ಗಿಡ್ಡ ಬ್ಲೇಡ್ ಹುಚ್ಚೆದ್ದು ಅಲುಗಿತು, ಉದ್ದನೆಯದರ ತುದಿ ಹೆಚ್ಚುಕಡಿಮೆ ನಿಂತಲ್ಲೇ ಇತ್ತು. ತರಗತಿಯಲ್ಲಿ ಗದ್ದಲವೋ ಗದ್ದಲ.

1985ರಲ್ಲಿ ಮೆಕ್ಸಿಕೋ ನಗರದಲ್ಲಿ ನಡೆದದ್ದೂ ಇಂಥದ್ದೇ. ಹಳೆಯ ಕೆರೆಯಂಗಳದ ಮೆತ್ತನೆಯ ಮಣ್ಣು ಎರಡು ಸೆಕೆಂಡಿಗೊಮ್ಮೆ ನಿಧಾನವಾಗಿ ತೂಗಿತು. ಹೆಚ್ಚು ಪೆಟ್ಟು ಬಿದ್ದದ್ದು ಆರರಿಂದ ಹದಿನೈದು ಅಂತಸ್ತಿನ ಕಟ್ಟಡಗಳಿಗೆ; ಅದಕ್ಕಿಂತ ಗಿಡ್ಡವೂ ತೀರಾ ಎತ್ತರದವೂ ಬಹುಮಟ್ಟಿಗೆ ಉಳಿದವು.

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು: ಇಡ್ಲಿ ತಟ್ಟೆ ಅಲ್ಲಾಡಿಸಿದಂತೆ ಮೇಜನ್ನು ಕೈಯಲ್ಲಿ ಕುಲುಕಿ ಮಾದರಿ ಬೀಳಿಸುವುದನ್ನು ನಾವು ಪ್ರಶಿಕ್ಷಣಾರ್ಥಿಗಳು ಬಿಡಬೇಕು. ಮೊದಲು ಮೀಟಿ ಎಣಿಸಿ, ಫಲಕದ ಮೇಲೆ ಬರೆದು, ಯಾವುದು ಯಾವಾಗ ಅಲುಗುತ್ತದೆಂದು ಮಕ್ಕಳಿಂದಲೇ ಹೇಳಿಸಿ, ಆಮೇಲೆ ಮೋಟಾರು ಚಾಲೂ ಮಾಡಬೇಕು. ಇದಕ್ಕೆ ಒಂದು ಅವಧಿ ಸಾಲದು, ನಿಜ.

ಆ ಹುಡುಗಿಗೆ ಮಾತ್ರ ಇನ್ನೂ ಉತ್ತರ ಬಾಕಿ. ಬ್ಲೇಡ್ ಬಾಗುತ್ತದೆ, ಇಟ್ಟಿಗೆ ಗೋಡೆ ಬಾಗದೆ ಬಿರುಕು ಬಿಡುತ್ತದೆ. ಅವಳ ಮನೆ ತಡೆಯುತ್ತದೋ ಇಲ್ಲವೋ ಎಂಬುದನ್ನು ನನ್ನ ಮೇಜು ಹೇಳಲಾರದು ಎಂದು ಸೋಮವಾರ ಹೇಳಬೇಕು.